ಬಾಯಿ ತೆರೆದು ಹೇಳು ಮಗಳೇ

ಏಳನೇ ಶತಮಾನದ ಬಸ್ರಾ, ಈಗಿನ ಇರಾಕಿನ ದಕ್ಷಿಣದ ಊರು. ರಾತ್ರಿ ಹೊತ್ತು ಅಬುಲ್ ಅಸ್ವದ್ ಅದ್ದುಅಲಿ ಎಂಬ ಪಂಡಿತ ಮಗಳ ಜೊತೆ ಕೂತಿದ್ದ. ಹುಡುಗಿ ಮೇಲೆ ನೋಡಿ, "ಅಪ್ಪಾ, ಮಾ ಅಹ್ಸನುಸ್ಸಮಾಇ" ಅಂದಳು. ಅಪ್ಪ, "ಅದರ ನಕ್ಷತ್ರಗಳು ಕಣಮ್ಮ" ಎಂದ. ಮಗಳಿಗೆ ತಲೆಬುಡ ತಿಳಿಯಲಿಲ್ಲ. "ಆಕಾಶದಲ್ಲಿ ಯಾವುದು ಚಂದ ಅಂತ ನಾನು ಕೇಳಲಿಲ್ಲ, ಆಕಾಶ ಎಷ್ಟು ಚಂದ ಅಂದೆ ಅಷ್ಟೆ" ಎಂದಳು. "ಹಾಗಾದರೆ ಬಾಯಿ ತೆರೆದು ಹೇಳು: ಮಾ ಅಹ್ಸನಸ್ಸಮಾಅ" ಎಂದು ತಿದ್ದಿದ ಅಪ್ಪ.

ಅರಬ್ಬಿ ವ್ಯಾಕರಣ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ಅರಬ್ಬರು ಹೇಳುವ ಕಥೆಗಳಲ್ಲಿ ಇದೂ ಒಂದು. ಇನ್ನೊಂದು ಪಾಠದಲ್ಲಿ ಹುಡುಗಿ ಆಕಾಶದ ಬದಲು ಬಿಸಿಲಿನ ಬಗ್ಗೆ ಹೇಳುತ್ತಾಳೆ. ನಿಜವಾಗಿ ನಡೆದದ್ದೋ ಆಮೇಲೆ ಕಟ್ಟಿದ್ದೋ, ಕಥೆ ಕಟ್ಟಿದವರಿಗೆ ಭಾಷೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ತಪ್ಪಿದ್ದು ಎರಡೇ ಸ್ವರ. ಮೊದಲ ಪದದ ಕೊನೆಗೆ ಅಕಾರ ಬರಬೇಕಾದಲ್ಲಿ ಉಕಾರ ಬಂತು, ಎರಡನೆಯದರ ಕೊನೆಗೆ ಅಕಾರ ಬರಬೇಕಾದಲ್ಲಿ ಇಕಾರ ಬಂತು. ಅಷ್ಟಕ್ಕೇ ಬೆರಗು ಹೋಗಿ ಪ್ರಶ್ನೆಯಾಯಿತು.

ನಮ್ಮಲ್ಲಿ ಈ ಕೆಲಸವನ್ನು ದನಿಯೇ ಮಾಡುತ್ತದೆ. "ಎಂಥಾ ಮಳೆ" ಅನ್ನುವುದು ಪ್ರಶ್ನೆಯೋ ಬೆರಗೋ ಎಂಬುದು ಹೇಳುವವರ ರಾಗದಲ್ಲಿರುತ್ತದೆ, ಪದದಲ್ಲಿ ಇರುವುದಿಲ್ಲ. ಹಳೆಯ ಅರಬ್ಬಿ ಅದನ್ನು ಪದದ ತುದಿಯಲ್ಲಿಟ್ಟಿದೆ. ವೈಯಾಕರಣರು ಇದನ್ನು ತೋರಿಸಲು ಜೈದ್ ಎಂಬ ಹೆಸರನ್ನು ಬಳಸುತ್ತಾರೆ. (ಅರಬ್ಬಿ ವ್ಯಾಕರಣದ ಪುಸ್ತಕಗಳಲ್ಲಿ ಈ ಜೈದ್ ಸಾವಿರ ವರ್ಷಗಳಿಂದ ಏಟು ತಿನ್ನುತ್ತ, ಏಟು ಕೊಡುತ್ತ ಬದುಕಿದ್ದಾನೆ.) "ಮಾ ಅಹ್ಸನ ಜೈದನ್" ಎಂದರೆ ಜೈದ್ ಎಷ್ಟು ಚಂದ! "ಮಾ ಅಹ್ಸನು ಜೈದಿನ್" ಎಂದರೆ ಜೈದನಲ್ಲಿ ಚಂದದ್ದು ಯಾವುದು? "ಮಾ ಅಹ್ಸನ ಜೈದುನ್" ಎಂದರೆ ಜೈದ್ ಒಳ್ಳೆಯದು ಮಾಡಲಿಲ್ಲ. ಹೊಗಳಿಕೆ, ಪ್ರಶ್ನೆ, ದೂರು ಮೂರಕ್ಕೂ ಪದಗಳು ಅವೇ.

ಬರಹಕ್ಕೆ ಬಂದರೆ ಇನ್ನೂ ಫಜೀತಿ. ಅರಬ್ಬಿ ಲಿಪಿಯಲ್ಲಿ ಹ್ರಸ್ವಸ್ವರ ಬರೆಯುವ ರೂಢಿ ಇಲ್ಲ. ಕೊಂಬು, ಗುಡಿಸು ಯಾವುದೂ ಇಲ್ಲದ ಕನ್ನಡವನ್ನು ಊಹಿಸಿಕೊಳ್ಳಿ. ಹುಡುಗಿಯ ತಪ್ಪು ವಾಕ್ಯ, ಅಪ್ಪ ತಿದ್ದಿದ ವಾಕ್ಯ ಎರಡೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಸ್ವರಕ್ಕೆ ಗುರುತು ಹಾಕಲು ಶುರುಮಾಡಿದವನೂ ಇದೇ ಅಬುಲ್ ಅಸ್ವದ್ ಎಂದು ಪರಂಪರೆ ಹೇಳುತ್ತದೆ. ಲಿಪಿಕಾರನನ್ನು ಎದುರು ಕೂರಿಸಿಕೊಂಡು, ನಾನು ಬಾಯಿ ತೆರೆದರೆ ಅಕ್ಷರದ ಮೇಲೆ ಚುಕ್ಕಿ ಇಡು, ತುಟಿ ದುಂಡು ಮಾಡಿದರೆ ಪಕ್ಕದಲ್ಲಿಡು, ಕೆಳಗೆಳೆದರೆ ಕೆಳಗಿಡು ಎಂದನಂತೆ. ಅಕಾರಕ್ಕೆ ಅರಬ್ಬಿಯಲ್ಲಿ ಇವತ್ತಿಗೂ ಫತ್ಹಾ, ಅಂದರೆ ತೆರೆಯುವಿಕೆ, ಎಂದೇ ಹೆಸರು. ಮಗಳಿಗೆ "ಬಾಯಿ ತೆರೆದು ಹೇಳು" ಅಂದದ್ದು ಆ ಅಕಾರವನ್ನೇ.

ಬೆರಗಿಗೆ ಅಕಾರವೇ ಯಾಕೆ? ಈ ವಾಕ್ಯಕ್ಕೆ ಅರಬ್ಬಿಯಲ್ಲಿ ತಅಜ್ಜುಬ್ ಎಂದು ಹೆಸರು, ಹಿಂದಿ ಸಿನಿಮಾಗಳಲ್ಲಿ ನಾವು ಕೇಳುವ 'ತಾಜ್ಜುಬ್' ಅದೇ ಪದ. ಎಂಟನೇ ಶತಮಾನದ ಕೊನೆಯಲ್ಲಿ ತೀರಿಕೊಂಡ ಸೀಬವೈಹಿ ಅರಬ್ಬಿಗೆ ಮೊದಲ ದೊಡ್ಡ ವ್ಯಾಕರಣ ಬರೆದವನು, ಹುಟ್ಟಿನಿಂದ ಪರ್ಷಿಯದವನು. ಅವನ ಪ್ರಕಾರ ಇಲ್ಲಿನ 'ಮಾ' ಪ್ರಶ್ನೆಯಲ್ಲ, 'ಏನೋ ಒಂದು' ಎಂಬ ಅರ್ಥದ್ದು. 'ಅಹ್ಸನ' ಕ್ರಿಯಾಪದ. ಪೂರ್ತಿ ಬಿಡಿಸಿದರೆ, 'ಏನೋ ಒಂದು ಆಕಾಶವನ್ನು ಚಂದ ಮಾಡಿತು'. ನಮ್ಮ 'ಅನ್ನು' ಪ್ರತ್ಯಯದ ಕೆಲಸವನ್ನು ಆ ಕೊನೆಯ ಅಕಾರ ಮಾಡುತ್ತಿದೆ.

ಬಸ್ರಾದವರು ಇದನ್ನು ಒಪ್ಪಿದರು, ಪಕ್ಕದ ಕೂಫಾದ ಪಂಡಿತರು ಒಪ್ಪಲಿಲ್ಲ. 'ಅಹ್ಸನ' ನಾಮಪದ ಎಂಬುದು ಅವರ ವಾದ. ಬಸ್ರಾದವರ ಪುರಾವೆ ಸಣ್ಣದು, ಆದರೆ ಚೊಕ್ಕ. 'ನನ್ನ ಪುಸ್ತಕ' ಅನ್ನಲು ಅರಬ್ಬಿಯಲ್ಲಿ 'ಕಿತಾಬೀ', ನಾಮಪದಕ್ಕೆ ಬರೀ ಈಕಾರ. 'ನನ್ನನ್ನು ಹೊಡೆದ' ಅನ್ನಲು 'ದರಬನೀ', ಕ್ರಿಯಾಪದಕ್ಕೆ ನಡುವೆ ಒಂದು ನಕಾರ ಬೇಕು. 'ನಾನೆಷ್ಟು ಚಂದ' ಎಂದು ಹೇಳಿ ನೋಡಿ: 'ಮಾ ಅಹ್ಸನನೀ'. ನಕಾರ ಬಂತು, ಆದ್ದರಿಂದ ಇದು ಕ್ರಿಯಾಪದವೇ.

ಕೂಫಾದವರ ಬಾಣ ಬೇರೆ ದಿಕ್ಕಿನಿಂದ ಬಂತು. ಹನ್ನೆರಡನೇ ಶತಮಾನದ ಇಬ್ನುಲ್ ಅಂಬಾರಿ ಈ ಎರಡು ಊರಿನ ಜಗಳಗಳನ್ನೆಲ್ಲ ಒಂದು ಪುಸ್ತಕದಲ್ಲಿ ಸೇರಿಸಿದ್ದಾನೆ. ಅದರಲ್ಲಿ ಬರುವ ಪ್ರಸಂಗವಿದು. ಬಸ್ರಾದ ಮುಬರ್ರದ್ ಎಂಬ ಪಂಡಿತನ ಶಿಷ್ಯನೊಬ್ಬ ಬಾಗ್ದಾದಿಗೆ ಬಂದು, ಕೂಫಾ ಪಂಥದ ಸಅಲಬ್‌ನ ಪಾಠದ ಕೂಟದಲ್ಲಿ ಕೂತ. ಅವನು 'ಏನೋ ಒಂದು ಜೈದನನ್ನು ಚಂದ ಮಾಡಿತು' ಎಂದು ಬಿಡಿಸಿದ. ಹಾಗಾದರೆ 'ಮಾ ಅಅ್ಝಮಲ್ಲಾಹ', ದೇವರು ಎಷ್ಟು ದೊಡ್ಡವನು, ಎಂಬುದನ್ನು ಬಿಡಿಸು ಎಂದರು. ಪಾಪ, ಅವನು ಪಾಠ ಒಪ್ಪಿಸುವವನ ಹಾಗೆ 'ಏನೋ ಒಂದು ದೇವರನ್ನು ದೊಡ್ಡವನನ್ನಾಗಿ ಮಾಡಿತು' ಅಂದುಬಿಟ್ಟ. ದೇವರನ್ನು ಯಾರೋ ದೊಡ್ಡವನನ್ನಾಗಿ ಮಾಡುವುದೇ? ಅವನನ್ನು ಕೂಟದಿಂದ ಹೊರಗೆಳೆದು ಹಾಕಿದರು. ಆಮೇಲೆ ಗುರುವೇ ಬಂದಾಗ ಅವನಿಗೂ ಅದೇ ಪ್ರಶ್ನೆ ಹಾಕಿದರು. ಬಸ್ರಾದವರ ಸಮಾಧಾನ ಇಷ್ಟು: ಆ 'ಏನೋ ಒಂದು' ದೇವರನ್ನು ಕೊಂಡಾಡುವ ಭಕ್ತರಿರಬಹುದು, ಅವನ ಹಿರಿಮೆ ಸಾರುವ ಸೃಷ್ಟಿಯಿರಬಹುದು. ನನಗೆ ಆ ಶಿಷ್ಯನ ಮೇಲೇ ಕನಿಕರ.

ಈ ಅಚ್ಚು ಎಲ್ಲ ಗುಣಕ್ಕೂ ಒಗ್ಗುವುದಿಲ್ಲ. 'ಎಷ್ಟು ಕೆಂಪು' ಅನ್ನಲು 'ಮಾ ಅಹ್ಮರ' ಎನ್ನುವಂತಿಲ್ಲ, ಏಕೆಂದರೆ ಅಹ್ಮರ್ ಎಂಬ ರೂಪ ಆಗಲೇ 'ಕೆಂಪು' ಎಂಬ ಸಾದಾ ಗುಣವಾಚಕವಾಗಿ ಕೂತಿದೆ. ಆಗ ಸುತ್ತಿ ಬಳಸಿ 'ಮಾ ಅಶದ್ದ ಹುಮ್ರತಹು', ಅದರ ಕೆಂಪು ಎಷ್ಟು ಗಾಢ, ಎನ್ನಬೇಕು. ಸತ್ತ ಎಂಬುದಕ್ಕೂ ಬೆರಗಿನ ರೂಪವಿಲ್ಲ. ಸಾವಿನಲ್ಲಿ ಹೆಚ್ಚು ಕಡಿಮೆ ಎಂಬುದು ಎಲ್ಲಿದೆ?

ಕೂಗಿ ಕರೆಯುವಾಗಲೂ ಸ್ವರದ್ದೇ ಆಟ. ಮೊಹರಂನಲ್ಲಿ ನಮ್ಮೂರುಗಳಲ್ಲಿ ಕೇಳುವ 'ಯಾ ಹುಸೇನ್', ಗಲ್ಫಿನಲ್ಲಿ ದುಡಿದು ಬಂದ ಕರಾವಳಿಯವರ ಬಾಯಲ್ಲಿ ಉಳಿದ 'ಯಾ ಹಬೀಬಿ' ಎರಡರಲ್ಲೂ ಇರುವ 'ಯಾ' ಅರಬ್ಬಿಯ ಸಂಬೋಧನೆ. ಅವಸರಪಡಿಸುವ 'ಯಲ್ಲಾ' ಕೂಡ 'ಯಾ ಅಲ್ಲಾ'ದ ಸವೆದ ರೂಪ. ಎದುರಿಗೆ ಕಾಣುವ ಮನುಷ್ಯನನ್ನು ಕರೆಯಲು 'ಯಾ ರಜುಲು', ಉಕಾರ. ಕುರುಡನೊಬ್ಬ ರಸ್ತೆ ದಾಟಲು ಕೈ ಹಿಡಿಯಿರಿ ಎಂದು ಕೂಗುವಾಗ 'ಯಾ ರಜುಲನ್'. ಅವನಿಗೆ ಇಂಥವನೇ ಬೇಕೆಂದಿಲ್ಲ, ಯಾರಾದರೂ ಸರಿ. ಕರೆಯುವವನಿಗೆ ಯಾರೂ ಕಾಣುತ್ತಿಲ್ಲ ಎಂಬುದನ್ನು ಆ 'ಅನ್' ಹೇಳಿಬಿಡುತ್ತದೆ.

ಇದೇ 'ಯಾ' ಬೆರಗಿಗೂ ಬರುತ್ತದೆ. ನೀರು ತುಂಬಿ ಹರಿಯುವುದನ್ನು ಕಂಡವನು 'ಯಾ ಲಲ್‌ಮಾಇ' ಎನ್ನುತ್ತಾನೆ, ನೀರನ್ನೇ ಕರೆದ ಹಾಗೆ. ಅಬ್ಬಾ, ಏನು ನೀರು! ನಾವೂ ಬೆರಗಾದಾಗ 'ಅಪ್ಪಾ', 'ಅಮ್ಮಾ' ಎಂದು ಪಕ್ಕದಲ್ಲಿಲ್ಲದವರನ್ನು ಕರೆಯುತ್ತೇವಲ್ಲ.

ಆಡುಮಾತಿನ ಅರಬ್ಬಿಯಲ್ಲಿ ಪದದ ತುದಿಯ ಈ ಸ್ವರಗಳು ಉದುರಿಹೋಗಿವೆ. ಇವತ್ತು ಬಸ್ರಾದ ಹುಡುಗಿಯೊಬ್ಬಳು ಮನೆಯ ಮಾಳಿಗೆಯ ಮೇಲೆ ನಿಂತು ಆಕಾಶ ನೋಡಿದರೆ 'ಶ್ಗದ್ ಹಿಲ್ವ' ಅಂದಾಳು. ಶ್ಗದ್ ಎಂದರೆ ಎಷ್ಟು, ಹಿಲ್ವ ಎಂದರೆ ಚಂದ. ಎಷ್ಟು ಚಂದ, ಥೇಟ್ ನಮ್ಮ ಹಾಗೆ.