ಮೆಕಾನಿಕ್ ಬಂದ, ಯಂತ್ರ ತಿರುಗಲಿಲ್ಲ
ವಾರ್ಷಿಕ ನಿರ್ವಹಣಾ ಕರಾರನ್ನು ಓದಿಕೊಳ್ಳುವ ಬಗೆ

ಗೋವಿಂದನಹಳ್ಳಿಯ ನಮ್ಮ ಶೆಡ್ಡಿನಲ್ಲಿರುವ ಅಡಿಕೆ ಸುಲಿಯುವ ಯಂತ್ರ 2023ರ ಅಕ್ಟೋಬರ್ 21ರಂದು, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಿಂತುಹೋದುದು ಸದಸ್ಯರಲ್ಲಿ ಅನೇಕರಿಗೆ ನೆನಪಿರಬಹುದು. ಅಂಗಳದಲ್ಲಿ ಆಗತಾನೆ ಇಳಿಸಿದ ಹಸಿ ಗೊನೆಗಳ ರಾಶಿ ಬಿದ್ದಿತ್ತು. ಸೋಮವಾರ ಆಯುಧಪೂಜೆ, ಮಂಗಳವಾರ ವಿಜಯದಶಮಿ. ಆಗ ನಮಗೇನೂ ಗಾಬರಿಯಾಗಲಿಲ್ಲ. ಕಬ್ಬಿಣದ ಬೀರುವಿನಲ್ಲಿ ನಿರ್ವಹಣಾ ಕರಾರು ಭದ್ರವಾಗಿತ್ತು, ಅದರಲ್ಲಿ 24 ಗಂಟೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಯಂತ್ರ ಮತ್ತೆ ತಿರುಗಿದ್ದು 31ರ ಸಂಜೆ. ಈ ಹತ್ತು ದಿನಗಳಲ್ಲಿ ಕಂಪನಿಯವರು ಕರಾರಿನ ಒಂದು ಸಾಲನ್ನೂ ಮೀರಲಿಲ್ಲ ಎಂಬುದೇ ಈ ಲೇಖನ ಬರೆಯಲು ಕಾರಣ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಪ್ಪು ಮುಖ್ಯವಾಗಿ, ಓದದೆ ಸಹಿ ಹಾಕಿದ ನಮ್ಮದೇ.

ಆ ಲೆಕ್ಕ ಹೀಗೆ ನಡೆಯಿತು. ಕರಾರಿನಲ್ಲಿದ್ದುದು ಬರಿಯ 24 ಗಂಟೆಯಲ್ಲ, ದೂರು ನೋಂದಾಯಿಸಿದ ಮೇಲೆ 24 'ಕೆಲಸದ ಗಂಟೆ'. ಅವರ ಕೆಲಸದ ದಿನವೆಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ, ಅಂದರೆ ಎಂಟು ಗಂಟೆ. ಆದ್ದರಿಂದ ನಾವು ಒಂದು ದಿನ ಎಂದುಕೊಂಡದ್ದು ಅವರ ಪುಸ್ತಕದಲ್ಲಿ ಮೂರು ದಿನ. ಶನಿವಾರ ಅವರ ಕಚೇರಿ ಮಧ್ಯಾಹ್ನ ಒಂದಕ್ಕೇ ಮುಚ್ಚಿತ್ತು. ಭಾನುವಾರವೂ ಹಬ್ಬದ ಎರಡು ದಿನವೂ ರಜೆ. ಗಡಿಯಾರ ಓಡತೊಡಗಿದ್ದು ಬುಧವಾರ ಬೆಳಿಗ್ಗೆ ಹತ್ತಕ್ಕೆ, ಗಡುವು ಮುಗಿಯುವುದು ಶುಕ್ರವಾರ ಸಂಜೆ ಆರಕ್ಕೆ. ಮೆಕಾನಿಕ್ ಶುಕ್ರವಾರ ಹನ್ನೊಂದಕ್ಕೆ ಬಂದ. ಗಡುವಿಗೆ ಇನ್ನೂ ಏಳು ಗಂಟೆ ಬಾಕಿ ಇತ್ತು! ಬಂದವನು ಯಂತ್ರ ಬಿಚ್ಚಿ ನೋಡಿ, ಬೇರಿಂಗು ಹಿಡಿದುಕೊಂಡು ಶಾಫ್ಟು ತಿಂದುಹೋಗಿದೆ, ಶಾಫ್ಟು ಬೆಂಗಳೂರಿನಿಂದ ಬರಬೇಕು ಎಂದು ಹೇಳಿ, ಭೇಟಿ ಚೀಟಿಗೆ ನಮ್ಮ ಸಹಿ ಹಾಕಿಸಿಕೊಂಡು ಹೊರಟ. ಶನಿವಾರ ವಾಲ್ಮೀಕಿ ಜಯಂತಿ, ಮರುದಿನ ಭಾನುವಾರ. ಶಾಫ್ಟು ಬಂದದ್ದು ಮಂಗಳವಾರ.

ಕರಾರಿನಲ್ಲಿ 'ಪ್ರತಿಸ್ಪಂದನೆ' ಎಂಬ ಮಾತಿಗೆ ಮನುಷ್ಯ ಬರುವುದು ಎಂದಷ್ಟೇ ಅರ್ಥ, ಕೆಲವು ಕರಾರುಗಳಲ್ಲಿ ಫೋನಿಗೆ ಉತ್ತರ ಕೊಡುವುದು ಎಂದಷ್ಟೇ. ಯಂತ್ರ ಮತ್ತೆ ನಡೆಯುವುದಕ್ಕೆ ಬೇರೆ ಗಡುವು ಬರೆಸಿಕೊಳ್ಳಬೇಕು. ನಮ್ಮ ಕರಾರಿನಲ್ಲಿ ಅದು ಇರಲೇ ಇಲ್ಲ.

ಆ ಹತ್ತು ದಿನದಲ್ಲಿ ಏನಾಯಿತೆಂಬುದನ್ನು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಹಸಿ ಅಡಿಕೆ ಕಾಯುವ ವಸ್ತುವಲ್ಲ. ಮೆಟ್ಟುಗತ್ತಿಯ ಮೇಲೆ ಸುಲಿಯಲು ಸುತ್ತಲಿನ ಊರುಗಳಿಂದ ಹೆಣ್ಣುಮಕ್ಕಳನ್ನು ಕರೆತಂದೆವು. ಆ ಕೂಲಿಗೆ ಸಂಘದಿಂದ 41,000 ರೂಪಾಯಿ ಹೋಯಿತು. ಆದರೂ ಮೂವರು ಸದಸ್ಯರ ರಾಶಿ ಕಾವೇರಿ, ಸಿಪ್ಪೆ ಬಾಡಿ, ಸುಲಿದಾಗ ಕಾಯಿ ಕಂದಿತ್ತು. ಅದಕ್ಕೆ ಬಂದ ಬೆಲೆಯನ್ನು ಇಲ್ಲಿ ಬರೆದು ಅವರ ಮನಸ್ಸನ್ನು ಇನ್ನೊಮ್ಮೆ ನೋಯಿಸುವುದಿಲ್ಲ. ಕಾಫಿ ಸದಸ್ಯರು ಇದು ಅಡಿಕೆಯವರ ಪಾಡೆಂದು ಪುಟ ತಿರುಗಿಸಬಾರದು. ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕಾದವರಿಗೆ ಹತ್ತು ದಿನವಿರಲಿ, ಎರಡು ದಿನವೂ ಬಹಳ.

ಇನ್ನು ಬೇರಿಂಗು ಹಿಡಿದುಕೊಂಡದ್ದು ಏಕೆ? ಕರಾರಿನಂತೆ ವರ್ಷಕ್ಕೆ ನಾಲ್ಕು ತಪಾಸಣಾ ಭೇಟಿ ಆಗಬೇಕು, ನಾಲ್ಕೂ ಆಗಿದ್ದವು. ಚೀಟಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ! ಯಂತ್ರ ಗೋಣಿ ಹೊದ್ದು ಮಲಗಿದ್ದ ಕಾಲ. ಖಾಲಿ ತಿರುಗಿಸಿದಾಗ ಬೇರಿಂಗಿನ ದೋಷ ಸುಲಭವಾಗಿ ಕಾಣುವುದಿಲ್ಲ. ಅರ್ಧ ಗಂಟೆ ಕಾಯಿ ಸುರಿದು ನಡೆಸಿ, ಯಂತ್ರ ನಿಲ್ಲಿಸಿ, ಸ್ವಿಚ್ಚು ತೆಗೆದ ಮೇಲೆ ಬೇರಿಂಗಿನ ಗೂಡಿನ ಮೇಲೆ ಅಂಗೈ ಇಟ್ಟು ನೋಡಬೇಕು. ಐದು ಎಣಿಸುವಷ್ಟು ಹೊತ್ತು ಕೈ ತಾಳದಿದ್ದರೆ ಒಳಗೆ ಏನೋ ಸರಿಯಿಲ್ಲ ಎಂದೇ ತಿಳಿಯಬೇಕು. ಗ್ರೀಸು ಕಪ್ಪಾಗಿ ಹೊರಗೆ ಒಸರುವುದು, ನಡೆಯುವಾಗ ಒಂದೇ ಸಮನೆ ಗೊರಗೊರ ಸದ್ದು ಬರುವುದು, ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿದರೆ ಸಡಿಲ ತೋರುವುದು ಇವೂ ಅದೇ ಮಾತನ್ನು ಹೇಳುತ್ತವೆ. ಆ ಹಂತದಲ್ಲಿ ಬದಲಾಯಿಸಿದರೆ ಹೋಗುವುದು ಬೇರಿಂಗು ಒಂದೇ. ಬಿಟ್ಟರೆ ಅದು ಸಿಕ್ಕಿಕೊಂಡು ಶಾಫ್ಟನ್ನೂ ಕೊರೆಯುತ್ತದೆ.

ನಮ್ಮ ಶೆಡ್ಡಿನ ಹುಡುಗ ಆ ಗೊರಗೊರ ಸದ್ದನ್ನು ವಾರದ ಮೊದಲೇ ಕೇಳಿದ್ದ. ಅದೇ ಅಳತೆಯ ಬೇರಿಂಗು ಪೇಟೆಯ ಅಂಗಡಿಯಲ್ಲಿಯೂ ಇತ್ತು. ಆದರೆ ಹೊರಗಿನ ಬಿಡಿಭಾಗ ಹಾಕಿದರೆ ಕರಾರು ರದ್ದು ಎಂಬ ಷರತ್ತಿಗೆ ಹೆದರಿ ನಾವೇ ತಡೆದೆವು. ಇದನ್ನು ಒಪ್ಪಿಕೊಳ್ಳಲೇಬೇಕು.

ಕೊನೆಗೆ ಬಂದ ಬಿಲ್ಲು 7,850 ರೂಪಾಯಿ. ಬಿಡಿಭಾಗವೂ ಸೇರಿದ 'ಸಮಗ್ರ' ಕರಾರು ನಮ್ಮದು, ಹಣ ಏಕೆ ಎಂದು ಕೇಳಿದೆವು. ಹಿಂಬದಿಯ ಸಣ್ಣಕ್ಷರ ತೋರಿಸಿದರು. ಬೇರಿಂಗು, ಬೆಲ್ಟು, ರಬ್ಬರು, ಬ್ಲೇಡು ಇವೆಲ್ಲ 'ಸವೆಯುವ ವಸ್ತು'ಗಳು, ಕರಾರಿಗೆ ಸೇರುವುದಿಲ್ಲ. ಶಾಫ್ಟು ಸೇರುತ್ತದೆ, ಆದರೆ ಅದು ಹಾಳಾದದ್ದು ಗ್ರೀಸು ಹಾಕದ ಕಾರಣದಿಂದ, ಗ್ರೀಸು ಹಾಕುವುದು ಮಾಲೀಕನ ದಿನನಿತ್ಯದ ಕೆಲಸ. ನಾವು ಗ್ರೀಸು ಹಾಕಿದ್ದೆವು. ಹಾಕಿದ ದಿನಾಂಕವನ್ನು ಬರೆದಿಟ್ಟಿರಲಿಲ್ಲ. ಸುಲಿಯುವ ಯಂತ್ರದಲ್ಲಿ ಸವೆಯುವ ವಸ್ತುಗಳನ್ನು ತೆಗೆದರೆ ಉಳಿಯುವುದು ಕಬ್ಬಿಣದ ಚೌಕಟ್ಟು, ಕಾಯಿ ಸುರಿಯುವ ಬಾಯಿ ಮತ್ತು ಮೋಟಾರು. ಚೌಕಟ್ಟು ಮುರಿದದ್ದನ್ನು ನಾವಂತೂ ಕಂಡಿಲ್ಲ.

ಹಾಗಾದರೆ ಮೋಟಾರು? ಅದಕ್ಕೂ ಒಂದು ಸಾಲಿದೆ. ವಿದ್ಯುತ್ತಿನ ಏರಿಳಿತದಿಂದ ಸುಟ್ಟರೆ ಕರಾರು ಅನ್ವಯಿಸದು. ನಮ್ಮ ಕಡೆ ಮೋಟಾರು ಯಾವ ಕಾರಣಕ್ಕೆ ಸುಟ್ಟರೂ ಇದೇ ಮಾತು ಬರುತ್ತದೆ. ಇದರಲ್ಲಿ ನಿಜವೆಷ್ಟು ಎಂಬುದನ್ನು ಸುಟ್ಟ ಮೋಟಾರೇ ಒಂದಿಷ್ಟು ಹೇಳುತ್ತದೆ. ತ್ರೀ ಫೇಸ್ ಮೋಟಾರನ್ನು ಬಿಚ್ಚಿಸಿ ಸುರುಳಿಗಳನ್ನು ನೋಡಿ. ಒಂದು ಫೇಸು ಹೋಗಿ ಮೋಟಾರು ಹಾಗೆಯೇ ನಡೆದಿದ್ದರೆ ಸುರುಳಿಗಳು ಸಮನಾಗಿ ಸುಟ್ಟಿರುವುದಿಲ್ಲ. ಸ್ಟಾರ್ ಜೋಡಣೆಯಾದರೆ ಎರಡು ಫೇಸಿನ ಸುರುಳಿ ಕರಿಕಾಗಿ ಒಂದು ಚೆನ್ನಾಗಿಯೇ ಇರುತ್ತದೆ, ಡೆಲ್ಟಾ ಆದರೆ ಒಂದು ಸುಟ್ಟು ಎರಡು ಉಳಿದಿರುತ್ತವೆ. ಮೂರೂ ಒಂದೇ ಸಮನಾಗಿ ಕಪ್ಪಾಗಿದ್ದರೆ ಯಂತ್ರ ಬಿಗಿದು ಭಾರ ಹೆಚ್ಚಾಗಿರಬೇಕು, ಇಲ್ಲವೆ ವೋಲ್ಟೇಜು ಬಹಳ ಇಳಿದಿರಬೇಕು. ಇವೆರಡರಲ್ಲಿ ಯಾವುದೆಂದು ಸುರುಳಿ ಹೇಳಲಾರದು, ವೋಲ್ಟೇಜು ಬರೆದಿಟ್ಟ ಪುಸ್ತಕ ಹೇಳೀತು. ಆದ್ದರಿಂದ ಸ್ಟಾರ್ಟರಿಗೆ ಒಂದು ಫೇಸು ಹೋದೊಡನೆ ನಿಲ್ಲಿಸುವ ಸಾಧನವನ್ನೂ ಓವರ್‌ಲೋಡ್ ರಿಲೇಯನ್ನೂ ಹಾಕಿಸಿದೆವು. ಗೋಡೆಗೆ ಒಂದು ವೋಲ್ಟ್‌ಮೀಟರು ಬಂತು. ಪಕ್ಕದಲ್ಲಿ ತೂಗುಹಾಕಿದ ಪುಸ್ತಕದಲ್ಲಿ ದಿನಕ್ಕೆ ಮೂರು ಸಲ ವೋಲ್ಟೇಜು, ವಾರಕ್ಕೊಮ್ಮೆ ಗ್ರೀಸಿನ ದಿನಾಂಕ ಬರೆಯಲಾಗುತ್ತಿದೆ. ಇದನ್ನು ತೋರಿಸಿದ ಮೇಲೆ, ರಕ್ಷಣಾ ಸಾಧನಗಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ವಿದ್ಯುತ್ತಿನ ಕಾರಣ ಒಡ್ಡುವುದಿಲ್ಲ ಎಂದು ಬರೆದುಕೊಡಲು ಕಂಪನಿಯವರು ಒಪ್ಪಿದರು.

ನವೀಕರಣದ ಮಾತಿಗೆ ಬರೋಣ. ಯಂತ್ರವನ್ನು 2020ರಲ್ಲಿ 2,40,000 ರೂಪಾಯಿಗೆ ಕೊಂಡಿದ್ದೆವು. ವಾರಂಟಿ ಮುಗಿದ ಮೇಲೆ ಮೂರು ವರ್ಷಕ್ಕೆ ಕರಾರು, ದರ ಬೆಲೆಯ ಶೇಕಡಾ 8, ಅಂದರೆ ವರ್ಷಕ್ಕೆ 19,200. ಶೇಕಡಾ 18 ಜಿಎಸ್‌ಟಿ ಸೇರಿ 22,656. 2024ರ ಆಗಸ್ಟಿನಲ್ಲಿ ನವೀಕರಣಕ್ಕೆ ಕೇಳಿದ್ದು 35,400! ಇಷ್ಟಾದದ್ದು ಹೇಗೆಂದು ನೋಡಿದರೆ ಎರಡು ಮೆಟ್ಟಿಲು. 'ಬೆಲೆ' ಎಂದರೆ ನಾವು ಕೊಟ್ಟ ಬೆಲೆಯಲ್ಲ, ಅಂದಿನ ಪಟ್ಟಿಯಲ್ಲಿರುವ ಹೊಸ ಯಂತ್ರದ ಬೆಲೆ, ಅದು 3,00,000 ಆಗಿತ್ತು. ಯಂತ್ರಕ್ಕೆ ವಯಸ್ಸಾಯಿತೆಂದು ದರ ಶೇಕಡಾ 8ರಿಂದ 10ಕ್ಕೆ ಏರಿತ್ತು. ಹಳೆಯ ಯಂತ್ರಕ್ಕೆ ಹೊಸದರ ಬೆಲೆ ಹಿಡಿದು, ಹಳೆಯದೆಂಬ ದಂಡವನ್ನೂ ಸೇರಿಸಿದ ಲೆಕ್ಕವಿದು. ನವೀಕರಿಸದೆ ಬಿಟ್ಟು ಮುಂದೆ ಬೇಕೆಂದು ಹೋದರೆ ತಪಾಸಣಾ ಶುಲ್ಕ, ಆಗ ಕಂಡ ದೋಷಗಳ ರಿಪೇರಿ ಎಲ್ಲ ನಮ್ಮ ಖರ್ಚು. ಆದ್ದರಿಂದ ನವೀಕರಣದ ದರವನ್ನು ಮೊದಲ ಸಹಿಯ ದಿನವೇ ಗೊತ್ತುಮಾಡಿಕೊಳ್ಳಬೇಕು: ಕೊಂಡ ಬೆಲೆಯ ಮೇಲೆ ಇಷ್ಟು, ವರ್ಷಕ್ಕೆ ಏರಿಕೆ ಇಷ್ಟಕ್ಕೆ ಮೀರದಂತೆ.

ನಾವು ಸಮಗ್ರ ಕರಾರನ್ನು ಕೈಬಿಟ್ಟು ಬರಿಯ ಕೆಲಸದ ಕರಾರು ಮಾಡಿಕೊಂಡೆವು. ವರ್ಷಕ್ಕೆ 9,600, ತೆರಿಗೆ ಸೇರಿ 11,328. ಉಳಿದ ಹಣದಲ್ಲಿ 11,500 ರೂಪಾಯಿಗೆ ಒಂದು ಶಾಫ್ಟು, ನಾಲ್ಕು ಬೇರಿಂಗು, ಎರಡು ಜೊತೆ ಬೆಲ್ಟು, ಒಂದು ಸೆಟ್ ಬ್ಲೇಡು ತಂದು ಶೆಡ್ಡಿನ ಪೆಟ್ಟಿಗೆಯಲ್ಲಿಟ್ಟೆವು. ನಾಲ್ಕು ಭೇಟಿಗಳಲ್ಲಿ ಒಂದು ಹಂಗಾಮು ಆರಂಭವಾಗುವ ಮುನ್ನ, ಎರಡು ಹಂಗಾಮಿನ ನಡುವೆ ಕಾಯಿ ಹಾಕಿ ನಡೆಸಿಯೇ ಆಗಬೇಕು. ಹಂಗಾಮಿನಲ್ಲಿ ಭಾನುವಾರ, ಹಬ್ಬ ಎನ್ನದೆ ದೂರು ಹೇಳಿದ 48 ಗಂಟೆಯೊಳಗೆ ಯಂತ್ರ ನಡೆಯಬೇಕು, ಗಂಟೆಯೆಂದರೆ ಗೋಡೆಯ ಗಡಿಯಾರದ ಗಂಟೆ. ತಪ್ಪಿದರೆ ದಿನಕ್ಕೆ 500 ರೂಪಾಯಿ ಕಡಿತ.

ಕಡಿತ ಕಾಗದದ ಮೇಲಿದ್ದರೆ ಸಾಲದು, ಹಣ ನಮ್ಮ ಕೈಯಲ್ಲಿರಬೇಕು. ಹಿಂದೆ ಪೂರ್ತಿ ಮುಂಗಡ ಕೊಡುತ್ತಿದ್ದೆವು. ಈಗ ಶೇಕಡಾ 40, ಅಂದರೆ 3,840 ರೂಪಾಯಿಯನ್ನು ಹಂಗಾಮು ಮುಗಿದ ಮೇಲೆ ಕೊಡುತ್ತೇವೆ. ಇದರ ಮಿತಿಯನ್ನೂ ಹೇಳಬೇಕು. ಏಳು ದಿನ ದಾಟಿದರೆ ಆ ಹಣ ಮುಗಿಯುತ್ತದೆ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ, ಪತ್ರದಲ್ಲಿ ಹೆಸರಿಸಿದ ಮೊತ್ತವನ್ನು ಮೀರಿ ನ್ಯಾಯಾಲಯ ಪರಿಹಾರ ಕೊಡಲಾರದು, ಅದರೊಳಗೆ ನ್ಯಾಯವಾದಷ್ಟನ್ನು ಮಾತ್ರ ಕೊಟ್ಟೀತು. ಹೆಚ್ಚು ಬರೆಯಬೇಕೆಂದು ನಮಗೆ ಆಸೆಯಿತ್ತು, ಅವರು ಒಪ್ಪಲಿಲ್ಲ.

'ವರ್ಷದಲ್ಲಿ ಶೇಕಡಾ 95 ದಿನ ಯಂತ್ರ ನಡೆಯುವ ಭರವಸೆ' ಎಂಬ ಷರತ್ತನ್ನೂ ಅವರು ಮುಂದಿಟ್ಟರು. ಸರ್ಕಾರಿ ಜಿಲ್ಲಾಸ್ಪತ್ರೆಗಳ ಉಪಕರಣಗಳಿಗೆ 2015ರಲ್ಲಿ ಬಂದ ನಿರ್ವಹಣಾ ಯೋಜನೆಯಲ್ಲಿ ಇಂಥ ಶೇಕಡಾ 95ರ ಷರತ್ತಿದೆ, ವರ್ಷವಿಡೀ ನಡೆಯುವ ಆಸ್ಪತ್ರೆಗೆ ಅದು ಸರಿ. ನಮಗೆ ವರ್ಷದ ಶೇಕಡಾ 5 ಎಂದರೆ 18 ದಿನ, ಅವಷ್ಟೂ ಅಕ್ಟೋಬರಿನಲ್ಲೇ ಬಿದ್ದರೂ ಭರವಸೆ ಮುರಿದಂತಾಗುವುದಿಲ್ಲ. 120 ದಿನದ ಹಂಗಾಮಿನ ಮೇಲೆ ಲೆಕ್ಕ ಹಾಕಿಸಿದರೆ ಅದೇ ಶೇಕಡಾ 5, ಆರು ದಿನಕ್ಕೆ ಇಳಿಯುತ್ತದೆ. ಹಾಗೆ ಬರೆಸಿಕೊಂಡೆವು.

2024ರ ಹಂಗಾಮಿನಲ್ಲಿ ಪೆಟ್ಟಿಗೆಯಿಂದ ಎರಡು ಬೇರಿಂಗು, ಒಂದು ಜೊತೆ ಬೆಲ್ಟು ಹೊರಬಂದವು. ಯಂತ್ರ ಒಟ್ಟು ಒಂದೂವರೆ ದಿನ ನಿಂತಿತು. ಶಾಫ್ಟು ಎಣ್ಣೆ ಹಚ್ಚಿದ ಹಾಗೆಯೇ ಪೆಟ್ಟಿಗೆಯಲ್ಲಿದೆ. ಹೊಸ ಕರಾರು ಪತ್ರದ ಪ್ರತಿ ಕಚೇರಿಯಲ್ಲಿ ಸಿಗುತ್ತದೆ. ಸ್ವಂತ ಪಲ್ಪರು ಅಥವಾ ಸುಲಿಯುವ ಯಂತ್ರಕ್ಕೆ ಕರಾರು ಮಾಡಿಸಿರುವ ಸದಸ್ಯರು ನವೀಕರಣದ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ತಮ್ಮ ಪತ್ರವನ್ನು ತಂದರೆ, ಹಿಂಬದಿಯ ಸಣ್ಣಕ್ಷರವನ್ನು ಕೂಡಿ ಕುಳಿತು ಓದಬಹುದು. ಕನ್ನಡಕ ಮರೆಯದೆ ತರುವುದು.