ಸರ್, ಗಾಡಿ ಪಂಚರ್ ಆಗಿದೆ, 10:45 ಆಗುತ್ತೆ

ಊರಿನ ಬ್ಯಾಂಕ್ ಶಾಖೆಯ ತಿಜೋರಿಗೆ ಎರಡು ಕೀ. ಒಂದು ಹೆಡ್ ಕ್ಯಾಷಿಯರ್ ಹತ್ತಿರ ಇರುತ್ತದೆ, ಇನ್ನೊಂದು ಮ್ಯಾನೇಜರ್ ಅಥವಾ ಒಬ್ಬ ಆಫೀಸರ್ ಹತ್ತಿರ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಹಿಂದಿನ ಸಂಜೆ ಕೌಂಟರಿನ ಹಣವೆಲ್ಲ ಎಣಿಸಿ ಒಳಗಿಟ್ಟಿರುವುದರಿಂದ, ಬೆಳಿಗ್ಗೆ ಇಬ್ಬರಲ್ಲಿ ಒಬ್ಬರು ಬಾರದಿದ್ದರೂ ಕೌಂಟರಿನಲ್ಲಿ ಕೊಡಲು ದುಡ್ಡಿರುವುದಿಲ್ಲ. ಪಾಸ್‌ಬುಕ್ ಎಂಟ್ರಿ ಆಗುತ್ತದೆ, ಅರ್ಜಿ ತೆಗೆದುಕೊಳ್ಳಬಹುದು. ಆದರೆ ತಿಂಗಳ ಮೊದಲ ವಾರ ಪಿಂಚಣಿಗೆಂದು ಒಂಬತ್ತೂವರೆಗೇ ಬಂದು ಮೆಟ್ಟಿಲ ಮೇಲೆ ಕೂತಿರುವ ಹಿರಿಯರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕೆಲಸಕ್ಕೆ ಹೊರಟವರ ಗಾಡಿ ದಾರಿಯಲ್ಲಿ ಕೆಡುವುದು ದಿನನಿತ್ಯದ ಸಂಗತಿ. ಅದನ್ನು ಮೇಲಿನವರಿಗೆ ಹೇಗೆ ಹೇಳಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಿಕೊಡುವುದಿಲ್ಲ. ಕಿಸೆಯಲ್ಲಿ ತಿಜೋರಿಯ ಕೀ ಇಟ್ಟುಕೊಂಡ ಕ್ಯಾಷಿಯರ್ ಉದಾಹರಣೆಯನ್ನು ತೆಗೆದುಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಗಾಡಿ ಏಕೆ ಕೆಟ್ಟಿತು ಎಂಬುದಕ್ಕಿಂತ ಎಷ್ಟು ಗಂಟೆಗೆ ಬರುತ್ತಾರೆ ಎಂಬುದೇ ದೊಡ್ಡದು.

ಹೀಗೆ ಅಂದುಕೊಳ್ಳೋಣ. ಕ್ಯಾಷಿಯರ್ ಮೇಡಂ ಇರುವುದು ತುಮಕೂರಿನಲ್ಲಿ, ಶಾಖೆ ಇರುವುದು ಗುಬ್ಬಿ ತಾಲೂಕಿನಲ್ಲಿ. ದಿನವೂ ಸ್ಕೂಟರಿನಲ್ಲಿ ಓಡಾಟ. ಬೆಳಿಗ್ಗೆ 9:05ಕ್ಕೆ ಶಿವಮೊಗ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಿಂದಿನ ಚಕ್ರ ಓಲಾಡಿ, ಗಾಡಿ ಒಂದು ಕಡೆಗೆ ಎಳೆಯತೊಡಗಿತು. ಶಾಖೆಗೆ ಇನ್ನೂ 14 ಕಿಲೋಮೀಟರ್ ಇದೆ. ಕೌಂಟರ್ ತೆರೆಯಬೇಕಾದದ್ದು 10ಕ್ಕೆ.

ಮೊದಲು ಗಾಡಿಯನ್ನು ಟಾರು ರಸ್ತೆಯಿಂದ ಪೂರ್ತಿ ಕೆಳಗಿಳಿಸಬೇಕು. ಆಮೇಲೆ ಟೈರ್ ನೋಡಬೇಕು. ಎಷ್ಟು ಹೊತ್ತಾಗುತ್ತದೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ಟೈರಿನ ಪಕ್ಕೆಯಲ್ಲಿ ಹಾಗೆಂದು ಅಚ್ಚಾಗಿರುತ್ತದೆ. ಅಂಥ ಟೈರಿಗೆ ಮೊಳೆ ಚುಚ್ಚಿಕೊಂಡರೆ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಮೊಳೆಯನ್ನು ಕೀಳದೆ ಹಾಗೇ ಬಿಟ್ಟರೆ, ಇರುವ ಗಾಳಿಯಲ್ಲೇ ಮೆಲ್ಲಗೆ ಹತ್ತಿರದ ಪಂಚರ್ ಅಂಗಡಿಯವರೆಗೆ ಹೋಗಬಹುದು. ಅಂಗಡಿಯವನು ಚಕ್ರ ಬಿಚ್ಚದೆ, ತೂತಿಗೆ ರಬ್ಬರಿನ ಎಳೆ ತುರುಕಿ, ಹೊರಗುಳಿದ ತುದಿ ಕತ್ತರಿಸಿ, ಗಾಳಿ ತುಂಬಿ ಕಳಿಸುತ್ತಾನೆ. ಸರದಿ ಇಲ್ಲದಿದ್ದರೆ ಹತ್ತು ಹದಿನೈದು ನಿಮಿಷದ ಕೆಲಸ.

ಒಳಗೆ ಟ್ಯೂಬ್ ಇರುವ ಹಳೆಯ ಸ್ಕೂಟರಿನ ಲೆಕ್ಕ ಬೇರೆ. ಟ್ಯೂಬಿನಲ್ಲಿ ಗಾಳಿ ಬೇಗ ಇಳಿಯುತ್ತದೆ. ಹಿಂದಿನ ಚಕ್ರವಾದರೆ ಎಷ್ಟೋ ಸ್ಕೂಟರುಗಳಲ್ಲಿ ಸೈಲೆನ್ಸರ್ ಕಳಚದೆ ಚಕ್ರ ಹೊರಬರುವುದಿಲ್ಲ. ಅದನ್ನು ಕಳಚಿ, ಟೈರ್ ಬಿಡಿಸಿ, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ಹುಡುಕಿ, ಪ್ಯಾಚ್ ಹಾಕಿ ಎಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಗಾಳಿ ಹೋದ ಮೇಲೂ ಅವಸರಕ್ಕೆ ಗಾಡಿ ಓಡಿಸಿದರೆ ಒಳಗೆ ಟ್ಯೂಬ್ ಜರುಗಿ, ಗಾಳಿ ತುಂಬುವ ಮೌತ್ ಬುಡದಲ್ಲೇ ಹರಿಯುತ್ತದೆ. ಮೌತ್ ನೆಟ್ಟಗಿರದೆ ವಾಲಿಕೊಂಡಿದ್ದರೆ ಆಗಿರುವುದು ಅದೇ ಇರಬಹುದು. ಅಲ್ಲಿಗೆ ಪ್ಯಾಚ್ ಹಾಕಲು ಬರುವುದಿಲ್ಲ, ಹೊಸ ಟ್ಯೂಬೇ ಬೇಕು. ನಿಮ್ಮ ಗಾಡಿಯ ಅಳತೆಯದು ಆ ಅಂಗಡಿಯಲ್ಲಿ ಇರಲೂಬಹುದು, ಇಲ್ಲದಿರಲೂಬಹುದು.

ನಮ್ಮ ಮೇಡಂ ಅವರದು ಟ್ಯೂಬ್ ಇರುವ ಗಾಡಿ, ಹಿಂದಿನ ಚಕ್ರ. ಲೆಕ್ಕವನ್ನು ಮೂರು ತುಂಡು ಮಾಡಿಕೊಳ್ಳಬೇಕು. ಪಂಚರ್ ಅಂಗಡಿ ಒಂದು ಕಿಲೋಮೀಟರ್ ಮುಂದಿದೆ, ಗಾಡಿ ತಳ್ಳಿಕೊಂಡು ಹೋಗಲು 20 ನಿಮಿಷ, ಅಂದರೆ 9:25. ರಿಪೇರಿಗೆ 45 ನಿಮಿಷ ಹಿಡಿದರೆ 10:10. ಉಳಿದ ದಾರಿಗೆ ಅರ್ಧ ಗಂಟೆ ಹಿಡಿದರೆ 10:40. ಮೇಲೊಂದು ಐದು ನಿಮಿಷ ಸೇರಿಸಿ 10:45. ತಡವಾಗುವವರು ಹೇಳಬೇಕಾದದ್ದು ಈ ಕೊನೆಯ ಗಂಟೆಯನ್ನೇ. ಎಲ್ಲವೂ ಸಲೀಸಾಗಿ ನಡೆದರೆ 10:20ಕ್ಕೇ ಬರಬಹುದು ಎಂಬ ಆಸೆಯಿಂದ 10:20 ಎಂದು ಹೇಳಿಬಿಟ್ಟರೆ, ಆ ಗಂಟೆ ತಪ್ಪಿದ ಮೇಲೆ ಇನ್ನೊಂದು ಕರೆ ಮಾಡಬೇಕಾಗುತ್ತದೆ. ಅಷ್ಟರಲ್ಲಿ ಮ್ಯಾನೇಜರ್ ಕಾದು ಕೂತವರಿಗೆಲ್ಲ ಅದೇ ಗಂಟೆ ಹೇಳಿಬಿಟ್ಟಿರುತ್ತಾರೆ.

ಕರೆ ಮಾಡಬೇಕಾದದ್ದು ಯಾವಾಗ? ಬಹಳಷ್ಟು ಜನ ಅಂಗಡಿ ತಲುಪಿ, ಮೆಕ್ಯಾನಿಕ್ ಏನು ಹೇಳುತ್ತಾನೋ ಕೇಳಿಕೊಂಡು ಆಮೇಲೆ ಫೋನ್ ಮಾಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. 9:10ಕ್ಕೇ ಮಾಡಿದರೆ ಮ್ಯಾನೇಜರ್ ಕೈಯಲ್ಲಿ 50 ನಿಮಿಷ ಇರುತ್ತದೆ. 9:35ಕ್ಕೆ ಮಾಡಿದರೆ 25 ನಿಮಿಷ ಉಳಿಯುತ್ತದೆ, ಅಷ್ಟರಲ್ಲಿ ಆಗಬೇಕಾದ ಏರ್ಪಾಡು ಏನೂ ಆಗುವುದಿಲ್ಲ. ಮೊದಲ ಕರೆಯಲ್ಲಿ ನಿಮಗೆ ಎಲ್ಲ ಗೊತ್ತಿರಬೇಕೆಂದಿಲ್ಲ. ಗೊತ್ತಿರುವಷ್ಟು ಹೇಳಿ, ಉಳಿದದ್ದನ್ನು ಎಷ್ಟು ಗಂಟೆಗೆ ತಿಳಿಸುತ್ತೀರಿ ಎಂದು ಹೇಳಿದರೆ ಸಾಕು. ಆ ಮಾತು ಹೀಗಿರಬಹುದು:

“ಸರ್, ನಮಸ್ಕಾರ. ಹೈವೇಲಿ ಗಾಡಿ ಹಿಂದಿನ ಚಕ್ರ ಪಂಚರ್ ಆಗಿದೆ. ಬ್ರಾಂಚಿಗೆ ಇನ್ನೂ 14 ಕಿಲೋಮೀಟರ್ ಇದೆ. ರಿಪೇರಿ ಮಾಡಿಸ್ಕೊಂಡು ಬಂದ್ರೆ 10:45 ಆಗುತ್ತೆ. ಕ್ಯಾಷ್ ಕೀ ನನ್ನ ಹತ್ರಾನೇ ಇದೆ. ಯಾರನ್ನಾದ್ರೂ ಬೈಕಲ್ಲಿ ಕಳಿಸಿದ್ರೆ ಗಾಡಿ ಇಲ್ಲೇ ಅಂಗಡೀಲಿ ಬಿಟ್ಟು ಬರ್ತೀನಿ. 9:30ಕ್ಕೆ ಇನ್ನೊಂದ್ಸಲ ಫೋನ್ ಮಾಡ್ತೀನಿ ಸರ್.”

ಅರ್ಧ ನಿಮಿಷದ ಮಾತು. ಮ್ಯಾನೇಜರಿಗೆ ಬೇಕಾದದ್ದೆಲ್ಲ ಇದರಲ್ಲಿದೆ. ಕೀ ವಿಷಯವನ್ನು ಬಾಯಿಬಿಟ್ಟು ಹೇಳಿದ್ದು ಬಹಳ ಮುಖ್ಯ. ‘ಸರಿಗೆ ಗೊತ್ತೇ ಇರುತ್ತೆ’ ಎಂದುಕೊಂಡು ಅದನ್ನು ಬಿಟ್ಟುಬಿಡುವವರಿದ್ದಾರೆ. ಬೆಳಗಿನ ಗಡಿಬಿಡಿಯಲ್ಲಿ ಅವರಿಗೆ ಅದು ಹೊಳೆಯುವುದು ತಿಜೋರಿಯ ಮುಂದೆ ನಿಂತಾಗಲೇ. ಬ್ಯಾಂಕಿನ ಕೀ ಆಗಬೇಕೆಂದೇನಿಲ್ಲ. ಅಂಗನವಾಡಿಯ ಬೀಗದ ಕೈ, ರಾತ್ರಿ ಪಾಳಿಯ ನರ್ಸನ್ನು ಮನೆಗೆ ಕಳಿಸಬೇಕಾದ ನಿಮ್ಮ ಸರದಿ, ಆ ದಿನ ನೀವೇ ಸಹಿ ಹಾಕಬೇಕಾದ ಕಾಗದ, ಹೀಗೆ ನಿಮ್ಮಿಂದಲೇ ಆಗಬೇಕಾದ ಕೆಲಸ ಯಾವುದಿದ್ದರೂ ಗಂಟೆಯ ಜೊತೆಗೇ ಅದನ್ನೂ ಹೇಳಬೇಕು.

ಈಗ ಮ್ಯಾನೇಜರ್ ಕಡೆಯಿಂದ ನೋಡೋಣ. 10:45 ಎಂದು ಕೇಳಿದ ಕೂಡಲೇ ಅವರು ಲೆಕ್ಕ ಹಾಕಬಲ್ಲರು. ಅಟೆಂಡರ್ 9:15ಕ್ಕೆ ಬೈಕಿನಲ್ಲಿ ಹೊರಟರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. 10:15ಕ್ಕೆ ಕ್ಯಾಷಿಯರ್ ಶಾಖೆಯಲ್ಲಿರುತ್ತಾರೆ. ಅರ್ಧ ಗಂಟೆ ಉಳಿಯಿತು. ಅಟೆಂಡರ್ ಕೈಗೆ ಕೀ ಕೊಟ್ಟು ಕಳಿಸಿದರೆ ಆಗದೇ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಕೀ ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಕೀ ರಿಜಿಸ್ಟರಿನಲ್ಲಿ ದಾಖಲಾಗಿ ಇಬ್ಬರ ಸಹಿಯೂ ಬೀಳಬೇಕು. ರಸ್ತೆ ಬದಿಯಲ್ಲಿ ಸಿಕ್ಕವರ ಕೈಗೆ ಕೊಡುವ ವಸ್ತು ಅದಲ್ಲ. ಇನ್ನೊಂದು ಜೊತೆ ಕೀಗಳನ್ನು ಸಾಮಾನ್ಯವಾಗಿ ಬೇರೆ ಶಾಖೆಯಲ್ಲಿ ಇಟ್ಟಿರುತ್ತಾರೆ, ಆದರೆ ಅದನ್ನು ತರಿಸುವುದು ಪತ್ರ ವ್ಯವಹಾರದ ಕೆಲಸ. ಕೀ ಕಳೆದುಹೋದಾಗ ಆ ದಾರಿ, ಪಂಚರಿಗಲ್ಲ. ಹಾಗಾಗಿ ಕೀ ಬೇಕಾದರೆ ಕೀ ಇಟ್ಟುಕೊಂಡವರೇ ಬರಬೇಕು.

10:15ಕ್ಕೆ ಬಂದರೂ 10:15ಕ್ಕೇ ದುಡ್ಡು ಸಿಗುತ್ತದೆ ಎಂದಲ್ಲ. ತಿಜೋರಿ ತೆರೆದು, ಹಣ ತೆಗೆದು, ಎಣಿಸಿ ಕೌಂಟರಿಗೆ ತರಲು ಇನ್ನೊಂದು ಕಾಲು ಗಂಟೆ ಬೇಕು. ಆದ್ದರಿಂದ ಮ್ಯಾನೇಜರ್ ಹೊರಗಿದ್ದವರಿಗೆ ಹೇಳಬೇಕಾದ ಗಂಟೆ ಹತ್ತೂವರೆ. “ದುಡ್ಡಿನ ಕೌಂಟರ್ ಇವತ್ತು ಹತ್ತೂವರೆಗೆ ಶುರು, ಪಾಸ್‌ಬುಕ್ ಕೆಲಸ ಈಗಲೇ ಆಗುತ್ತೆ, ಬನ್ನಿ” ಎಂದರೆ ಕೆಲವರು ಒಳಗೆ ಬರುತ್ತಾರೆ, ಕೆಲವರು ಸಂತೆ ಕೆಲಸ ಮುಗಿಸಿ ಬರೋಣವೆಂದು ಹೋಗುತ್ತಾರೆ. ನಿಮ್ಮ ಕೆಲಸಕ್ಕೂ ಇಂಥ ತಯಾರಿ ಇದ್ದರೆ, ನೀವು ಹೇಳುತ್ತಿರುವುದು ಬಾಗಿಲು ತಲುಪುವ ಗಂಟೆಯೋ ಕೆಲಸ ಶುರು ಮಾಡುವ ಗಂಟೆಯೋ ಎಂಬುದನ್ನು ಬಿಡಿಸಿ ಹೇಳಿ.

ಇದೇ ಮೇಡಂ “ಗಾಡಿ ಕೆಟ್ಟಿದೆ ಸರ್, ಸ್ವಲ್ಪ ಲೇಟಾಗುತ್ತೆ” ಎಂದಷ್ಟೇ ಹೇಳಿದ್ದರೆ? ಮಾತು ಸುಳ್ಳಲ್ಲ, ಆದರೆ ಅದನ್ನಿಟ್ಟುಕೊಂಡು ಯಾರನ್ನೂ ಎಲ್ಲಿಗೂ ಕಳಿಸಲು ಬರುವುದಿಲ್ಲ. ಕೇಳಿದವರಿಗೆ ಹತ್ತು ನಿಮಿಷ ಎನ್ನಿಸಬಹುದು, ಹೇಳಿದವರ ಮನಸ್ಸಿನಲ್ಲಿ ಒಂದೂವರೆ ಗಂಟೆ ಇರಬಹುದು. “ದಾರೀಲಿದೀನಿ ಸರ್, ಬಂದೆ” ಎಂಬುದು ಇನ್ನೂ ಕೆಟ್ಟದ್ದು. ನಿಂತ ಗಾಡಿಯ ಪಕ್ಕದಲ್ಲಿ ನಿಂತು ಆ ಮಾತು ಹೇಳಿದಾಗ, ಬರಬಹುದಾಗಿದ್ದ ಸಹಾಯವನ್ನೂ ನಾವೇ ತಡೆದಂತಾಗುತ್ತದೆ.

ಫೋನ್ ಎತ್ತದಿದ್ದರೆ, ಮ್ಯಾನೇಜರ್ ಕೂಡ ಆ ಹೊತ್ತಿಗೆ ಗಾಡಿ ಓಡಿಸುತ್ತಿರಬಹುದು, ಅದೇ ವಿಷಯವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು, ಶಾಖೆಯ ಇನ್ನೊಬ್ಬರಿಗೆ ಕರೆ ಮಾಡಬೇಕು. ಸಂದೇಶದಲ್ಲಿ ಗಂಟೆ ಮೊದಲ ಸಾಲಿನಲ್ಲೇ ಇರಲಿ: “10:45ಕ್ಕೆ ಬರ್ತೀನಿ ಸರ್, ಗಾಡಿ ಪಂಚರ್. ಕ್ಯಾಷ್ ಕೀ ನನ್ನ ಹತ್ರ ಇದೆ.” ಬೀಗಹಾಕಿದ ಪರದೆಯ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಲೈವ್ ಲೊಕೇಶನ್ ಕಳಿಸಿದರೆ ಕರೆದುಕೊಂಡು ಹೋಗಲು ಬರುವ ಅಟೆಂಡರಿಗೆ ಅನುಕೂಲ. ಆದರೆ ನೀವು ಎಲ್ಲಿದ್ದೀರಿ ಎಂದು ಅದು ತೋರಿಸುತ್ತದೆಯೇ ಹೊರತು ಯಾವಾಗ ಹೊರಡುತ್ತೀರಿ ಎಂದು ತೋರಿಸುವುದಿಲ್ಲ. ಗಂಟೆಯನ್ನು ನೀವೇ ಬರೆಯಬೇಕು.

9:30ಕ್ಕೆ ಮಾಡುತ್ತೇನೆಂದ ಎರಡನೇ ಕರೆಯನ್ನು, ಹೊಸದೇನೂ ಇಲ್ಲದಿದ್ದರೂ ಮಾಡಬೇಕು. ಅಷ್ಟರಲ್ಲಿ ಅಂಗಡಿಯವನು ಚಕ್ರ ನೋಡಿರುತ್ತಾನೆ. ಮೌತ್ ಹರಿದಿದೆ, ಟ್ಯೂಬ್ ಸಿಗುವುದು ತುಮಕೂರಿನಲ್ಲೇ ಎಂದು ಅವನು ಹೇಳಿದರೆ 10:45ರ ಮಾತು ಬಿದ್ದುಹೋಯಿತು. ಅದನ್ನು ಆಗಲೇ ಹೇಳಬೇಕು. ಅಟೆಂಡರ್ ಹೊರಟಾಗಿದ್ದರೆ ಈ ಸುದ್ದಿಯಿಂದ ತೊಂದರೆಯಿಲ್ಲ. ಇನ್ನೂ ಹೊರಡದಿದ್ದರೆ ಈಗ ಹೊರಟರೂ ಹತ್ತೂವರೆಗೆ ಶಾಖೆ ತಲುಪಬಹುದು.

ಲೇಟ್ ಮಾರ್ಕ್ ಬೀಳುತ್ತದೆಯೇ, ಅರ್ಧ ದಿನದ ರಜೆ ಹೋಗುತ್ತದೆಯೇ ಎಂಬ ಮಾತು ಆ ಕರೆಯಲ್ಲಿ ಬೇಡ. ಅದು ಸಂಜೆಯ ಮಾತು. ಬ್ಯಾಂಕಿನಲ್ಲಿ ಅದಕ್ಕೆ ಅಲ್ಲಿನದೇ ನಿಯಮಗಳಿವೆ. ಕಾರ್ಖಾನೆಗಳಲ್ಲಿ ದುಡಿಯುವವರು ಒಂದು ವಿಷಯ ತಿಳಿದಿರುವುದು ಒಳ್ಳೆಯದು. 1936ರ ವೇತನ ಪಾವತಿ ಕಾಯ್ದೆಯಿಂದಲೂ ಸಾಮಾನ್ಯ ನಿಯಮ ಒಂದೇ: ಕೆಲಸಕ್ಕೆ ಬಾರದ ಅವಧಿಗಾಗಿ ಕಡಿಯುವ ಸಂಬಳ ಆ ಅವಧಿಯ ಪಾಲನ್ನು ಮೀರಬಾರದು. 2019ರ ವೇತನ ಸಂಹಿತೆಯಲ್ಲೂ ಇದನ್ನು ಉಳಿಸಿಕೊಂಡಿದ್ದಾರೆ. ಮುಕ್ಕಾಲು ಗಂಟೆ ತಡವಾಗಿದ್ದಕ್ಕೆ ಇಡೀ ದಿನದ ಕೂಲಿ ಹಿಡಿದರೆ ಕೇಳಲು ಆಧಾರವಿದೆ. ಹಾಗೆ ಕೇಳುವಾಗ ಬೆಳಿಗ್ಗೆ 9:10ರ ಕರೆ, ಅದರ ಹಿಂದೆಯೇ ಕಳಿಸಿದ ಸಂದೇಶ ಎರಡೂ ಫೋನಿನಲ್ಲಿ ಉಳಿದಿರುತ್ತವೆ. ಕರೆಯಲ್ಲಿ ಹೇಳಿದ್ದನ್ನೇ ಒಂದು ಸಾಲು ಬರೆದೂ ಕಳಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೇ.