ತೆಂಗಿನ ಕುಲ ಬೇರೆಯಾದದ್ದು ಯಾವಾಗ? ಅಣುಗಡಿಯಾರ ಓದುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ ಇಟ್ಟವರಿಗೆ ಮರದ ವಯಸ್ಸು ಅಂದಾಜು ಮಾಡುವುದು ಹೊಸ ವಿದ್ಯೆಯೇನಲ್ಲ. ಗರಿ ಕಳಚಿ ಬಿದ್ದ ಕಡೆಯಲ್ಲೆಲ್ಲ ಕಾಂಡದ ಮೇಲೆ ಒಂದು ಗುರುತು ಉಳಿಯುತ್ತದೆ. ಚೆನ್ನಾಗಿ ನೀರುಂಡ ಎತ್ತರದ ತಳಿ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ. ಗುರುತುಗಳನ್ನು ಎಣಿಸಿ 12ರಿಂದ ಭಾಗಿಸಿದರೆ ಕಾಂಡ ಎಷ್ಟು ವರ್ಷದ್ದೆಂದು ಹೆಚ್ಚುಕಡಿಮೆ ತಿಳಿಯುತ್ತದೆ. 300 ಗುರುತು ಇದ್ದರೆ 25 ವರ್ಷ.

ಆದರೆ ಮಳೆ ನಂಬಿದ ಮರ ಬರಗಾಲದಲ್ಲಿ ಅಷ್ಟು ಗರಿ ಬಿಡುವುದಿಲ್ಲ. ವರ್ಷಕ್ಕೆ 9 ಅಂದುಕೊಳ್ಳಿ. ಆಗ ಅದೇ 300 ಗುರುತಿಗೆ 33 ವರ್ಷ ಆಗುತ್ತದೆ. ಎಣಿಕೆಯಲ್ಲಿ ತಪ್ಪಿಲ್ಲ, ಭಾಗಾಕಾರದಲ್ಲೂ ತಪ್ಪಿಲ್ಲ. ಮರ ಎಷ್ಟು ಬೇಗ ಗರಿ ಬಿಟ್ಟಿತು ಎಂಬ ಊಹೆಯಲ್ಲಿ ಮಾತ್ರ ವ್ಯತ್ಯಾಸ.

ಒಂದು ಮರದ ಬದಲು ಇಡೀ ತೆಂಗಿನ ಕುಲದ ವಯಸ್ಸು ಕೇಳಿದರೆ? ತನ್ನ ಹತ್ತಿರದ ನೆಂಟರಿಂದ ತೆಂಗು ಕವಲೊಡೆದದ್ದು ಯಾವ ಕಾಲದಲ್ಲಿ? ಇದಕ್ಕೆ ವಿಜ್ಞಾನಿಗಳು ಬಳಸುವ ಲೆಕ್ಕಕ್ಕೆ ಮಾಲಿಕ್ಯುಲರ್ ಕ್ಲಾಕ್, ಅಂದರೆ ಅಣುಗಡಿಯಾರ ಎಂದು ಹೆಸರು. 1960ರ ದಶಕದಲ್ಲಿ ಎಮಿಲ್ ಜುಕರ್‌ಕ್ಯಾಂಡಲ್ ಮತ್ತು ಲೈನಸ್ ಪೌಲಿಂಗ್ ರಕ್ತದ ಹಿಮೋಗ್ಲೋಬಿನ್ ಪ್ರೋಟೀನನ್ನು ಹೋಲಿಸುತ್ತಾ ಇದನ್ನು ಮುಂದಿಟ್ಟರು. ಡಿಎನ್‌ಎ ನಾಲ್ಕು ಅಕ್ಷರಗಳ ಉದ್ದನೆಯ ಸಾಲು. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಆಗೊಂದು ಈಗೊಂದು ಅಕ್ಷರ ಬದಲಾಗುತ್ತದೆ. ಎರಡು ಗಿಡಗಳ ಒಂದೇ ಜೀನನ್ನು ಪಕ್ಕಪಕ್ಕ ಇಟ್ಟು, ಬೇರೆಯಾದ ಅಕ್ಷರಗಳನ್ನು ಎಣಿಸಿದರೆ ಅವು ಬೇರೆಯಾಗಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು.

ಇದರಿಂದ ನಿಮ್ಮ ತೋಟದ ಮರದ ವಯಸ್ಸು ಸಿಗುತ್ತದೆಯೇ ಎಂದು ಕೇಳಬೇಡಿ, ಸಿಗುವುದಿಲ್ಲ. ಈ ಗಡಿಯಾರ ತೋರಿಸುವುದು ಕೋಟಿ ವರ್ಷಗಳ ಲೆಕ್ಕವನ್ನು.

ಸೂತ್ರ ಸಣ್ಣದು:

T = K / 2r

K ಅಂದರೆ ಒಂದು ಅಕ್ಷರದ ಜಾಗಕ್ಕೆ ಸರಾಸರಿ ಎಷ್ಟು ಬದಲಾವಣೆ ಆಗಿದೆ ಎಂಬುದು. r ಅಂದರೆ ವರ್ಷಕ್ಕೆ ಎಷ್ಟು ಬದಲಾವಣೆ ಆಗುತ್ತದೆ ಎಂಬ ವೇಗ. T ಅಂದರೆ ಕಾಲ. ಎರಡರಿಂದ ಏಕೆ ಗುಣಿಸಬೇಕೆಂದರೆ, ಕವಲೊಡೆದ ಮೇಲೆ ಎರಡೂ ಕಡೆ ಬದಲಾವಣೆ ನಡೆದಿರುತ್ತದೆ. ಎಣಿಸುವುದು ಸಾಮಾನ್ಯವಾಗಿ 'ಸಿನಾನಿಮಸ್' ಬದಲಾವಣೆಗಳನ್ನು, ಅಂದರೆ ಅಕ್ಷರ ಬದಲಾದರೂ ಪ್ರೋಟೀನ್ ಬದಲಾಗದಂಥವನ್ನು. ಗಿಡಕ್ಕೆ ಅವುಗಳಿಂದ ಲಾಭ ನಷ್ಟ ಕಡಿಮೆ, ಹಾಗಾಗಿ ಹೆಚ್ಚುಕಡಿಮೆ ತಮ್ಮ ಪಾಡಿಗೆ ತಾವು ಕೂಡುತ್ತಾ ಹೋಗುತ್ತವೆ.

ಈಗ r ಎಲ್ಲಿಂದ ತರುವುದು? ತೊಡಕೆಲ್ಲ ಇಲ್ಲೇ ಇದೆ.

ನಮ್ಮ ಸೀಮೆಯಲ್ಲಿ ತೆಂಗಿನ ತೋಟದ ಬದುವಿನಾಚೆಗೆ ರಾಗಿ ಹೊಲ. ರಾಗಿ ಹುಲ್ಲಿನ ಕುಟುಂಬದ್ದು, ತೆಂಗು ತಾಳೆಯ ಕುಟುಂಬದ್ದು. ಎರಡೂ ಏಕದಳ ಸಸ್ಯಗಳೇ. ಆದರೆ ಅವುಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಬ್ರಾಂಡನ್ ಗೌಟ್ ಮತ್ತು ಸಂಗಡಿಗರು 1996ರಲ್ಲಿ ಹುಲ್ಲುಗಳನ್ನೂ ತಾಳೆಗಳನ್ನೂ ಹೋಲಿಸಿ ಇದನ್ನು ತೋರಿಸಿದರು. ಎಡಿಎಚ್ ಎಂಬ ಜೀನಿನಲ್ಲಿ ತಾಳೆಗಳ ವೇಗ ಒಂದು ಅಕ್ಷರದ ಜಾಗಕ್ಕೆ ನೂರು ಕೋಟಿ ವರ್ಷಕ್ಕೆ 2.61 ಬದಲಾವಣೆ, ಹುಲ್ಲುಗಳದ್ದು ಸುಮಾರು 6.5. ಅಂದರೆ ಹುಲ್ಲು ಎರಡೂವರೆ ಪಟ್ಟು ಚುರುಕು. ಎಲೆಯ ಹಸಿರು ಕಣದಲ್ಲಿರುವ ಆರ್‌ಬಿಸಿಎಲ್ ಎಂಬ ಜೀನಿನಲ್ಲಿ ಅಂತರ ಇನ್ನೂ ದೊಡ್ಡದು.

ಏಕೆ ಹೀಗೆ? ಮೊದಲ ಕಾರಣ ತಲೆಮಾರಿನ ಉದ್ದ. ರಾಗಿ ಬಿತ್ತಿದ ನಾಲ್ಕು ತಿಂಗಳಿಗೆ ಮುಂದಿನ ಬೀಜ ಕೈಗೆ ಬರುತ್ತದೆ. ತಿಪಟೂರು ಟಾಲ್‌ನಂಥ ಎತ್ತರದ ತೆಂಗು ಫಸಲಿಗೆ ಬರಲು ಆರೇಳು ವರ್ಷ ಬೇಕು, ಆಮೇಲೂ ದಶಕಗಟ್ಟಲೆ ಅದೇ ಮರ ಕಾಯಿ ಬಿಡುತ್ತಿರುತ್ತದೆ. ನಕಲು ಮಾಡುವ ಸರದಿ ಕಡಿಮೆಯಾದಷ್ಟೂ ತಪ್ಪುಗಳೂ ಕಡಿಮೆ. ಸ್ಟೀಫನ್ ಸ್ಮಿತ್ ಮತ್ತು ಮೈಕೆಲ್ ಡೊನಹ್ಯೂ 2008ರಲ್ಲಿ ಹೂಬಿಡುವ ಸಸ್ಯಗಳ ಹಲವು ಗುಂಪುಗಳನ್ನು ನೋಡಿ, ಮರಗಳ ಗಡಿಯಾರ ಸಣ್ಣ ಗಿಡಗಳದ್ದಕ್ಕಿಂತ ನಿಧಾನ ಎಂದು ತೋರಿಸಿದರು. ಆದರೆ ತಲೆಮಾರಿನ ಉದ್ದವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಸುಳಿಯ ಕಣಗಳು ಎಷ್ಟು ಸಲ ಒಡೆಯುತ್ತವೆ, ನಕಲಿನ ತಪ್ಪನ್ನು ಕಣ ಎಷ್ಟು ಚೆನ್ನಾಗಿ ತಿದ್ದುತ್ತದೆ ಎಂಬುದೂ ಸೇರುತ್ತದೆ. ಕವಲಿನಿಂದ ಕವಲಿಗೆ ಇವೆಲ್ಲ ಬದಲಾಗುತ್ತಾ ಹೋಗುತ್ತವೆ.

ಇದರ ಪರಿಣಾಮ ನೋಡಲು ಒಂದು ಲೆಕ್ಕ ಮಾಡೋಣ. ತೆಂಗಿಗೂ ಅದರ ನೆಂಟ ತಾಳೆಯೊಂದಕ್ಕೂ ನೂರು ಜಾಗಕ್ಕೆ 18 ಬದಲಾವಣೆ ಇವೆ ಎಂದಿಟ್ಟುಕೊಳ್ಳಿ. ಈ 18 ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆ. ತಾಳೆಯ ವೇಗ 2.61 ಹಾಕಿದರೆ ಸುಮಾರು 3.4 ಕೋಟಿ ವರ್ಷ ಬರುತ್ತದೆ. ಗೊತ್ತಿಲ್ಲದೆ ಹುಲ್ಲಿನ ವೇಗ 6.5 ಹಾಕಿದಿರೋ, 1.4 ಕೋಟಿ ವರ್ಷ! ಎರಡು ಕೋಟಿ ವರ್ಷ ಮಾಯ, ಅದೂ ಒಂದಕ್ಷರವೂ ಬದಲಾಗದೆ. ಭತ್ತ, ಜೋಳದಿಂದ ಪಡೆದ ವೇಗವನ್ನು ಬೇರೆ ಗಿಡಗಳಿಗೂ ಹಚ್ಚಿದ ಲೇಖನಗಳು ಬೇಕಾದಷ್ಟಿವೆ. ಓದುವಾಗ ಮೊದಲು ಅದನ್ನೇ ಹುಡುಕಿ.

ನಿಜವಾದ ಅಂದಾಜು ಎಷ್ಟು? ಅಲನ್ ಮೀರೋ ತಂಡ 2009ರಲ್ಲಿ ಏಳು ಜೀನ್‌ಗಳನ್ನು ಓದಿ, ದಕ್ಷಿಣ ಅಮೆರಿಕದ ಸೈಯಾಗ್ರಸ್ ಎಂಬ ಕುಲ ತೆಂಗಿಗೆ ಅತಿ ಹತ್ತಿರದ್ದೆಂದೂ, ಇವೆರಡೂ ಸುಮಾರು 3.5 ಕೋಟಿ ವರ್ಷಗಳ ಹಿಂದೆ ಬೇರೆಯಾದವೆಂದೂ ಹೇಳಿತು. ನರ್ಸರಿಗಳಲ್ಲಿ ಕ್ವೀನ್ ಪಾಮ್ ಎಂದು ಮಾರುವ ಅಲಂಕಾರದ ಗಿಡ ಈ ಸೈಯಾಗ್ರಸ್ ಕುಲದ್ದೇ.

ಈಗ ನಮ್ಮ ದೇಶದ ಒಂದು ಕಲ್ಲು ಈ ಲೆಕ್ಕಕ್ಕೆ ಅಡ್ಡ ಬರುತ್ತದೆ. ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯ ಕಪೂರ್ಡಿಯಲ್ಲಿ ತೆಂಗಿನಕಾಯಿಯನ್ನು ಹೋಲುವ ಫಾಸಿಲ್, ಅಂದರೆ ಕಲ್ಲಾದ ಪಳೆಯುಳಿಕೆ, ಸಿಕ್ಕಿದೆ. ಅದಕ್ಕೆ ಕೋಕೋಸ್ ಸಾಹ್ನೀ ಎಂದು ಹೆಸರು. 2012ರಲ್ಲಿ ಇದರ ಮೇಲೆ ಬಂದ ಲೇಖನ ಅದನ್ನು ಇಯೋಸೀನ್ ಯುಗದ ಆರಂಭಕ್ಕೆ ಸೇರಿಸುತ್ತದೆ, ಅಂದರೆ ಸುಮಾರು ಐದು ಕೋಟಿ ವರ್ಷದ ಆಚೀಚೆ. ತೆಂಗಿನ ಕುಲ ಹುಟ್ಟಿದ್ದೇ 3.5 ಕೋಟಿ ವರ್ಷದ ಹಿಂದೆ ಎಂದಾದರೆ ಐದು ಕೋಟಿ ವರ್ಷದ ತೆಂಗಿನಕಾಯಿ ಎಲ್ಲಿಂದ ಬಂತು?

ಉತ್ತರ ಹುಡುಕಲು ನಿಮ್ಮ ಮನೆಯ ಕಾಯಿಯನ್ನೇ ಕೈಗೆತ್ತಿಕೊಳ್ಳಿ. ನಾರೆಲ್ಲ ಬಿಡಿಸಿ, ಜುಟ್ಟು ಕಿತ್ತು ನೋಡಿ. ಕರಟದ ತುದಿಯಲ್ಲಿ ಮೂರು ಕಣ್ಣು. ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಬರುವುದು ಆ ಮೆತ್ತನೆಯ ಕಣ್ಣಿನಿಂದ. ಇದು ತೆಂಗಿಗೆ ಮಾತ್ರ ಇರುವ ಲಕ್ಷಣವಲ್ಲ. ತೆಂಗು ಸೇರಿದ ಇಡೀ ಬಳಗಕ್ಕೆ, ಎಣ್ಣೆ ತಾಳೆಗೂ ಸೈಯಾಗ್ರಸ್‌ಗೂ, ಕರಟದ ಮೇಲೆ ಇಂಥ ಕಣ್ಣುಗಳಿವೆ. ಹಾಗಾಗಿ ಕಲ್ಲಿನಲ್ಲಿ ಕರಟವೋ ನಾರೋ ಕಂಡ ಮಾತ್ರಕ್ಕೆ ಅದು ತೆಂಗೇ ಎಂದು ಖಂಡಿತವಾಗಿ ಹೇಳಲಾಗದು. ಬಳಗದ ಅಳಿದುಹೋದ ಇನ್ಯಾವುದೋ ಕವಲಿನದ್ದೂ ಇರಬಹುದು. ಅದರ ಹೂವು, ಎಲೆ, ಮರ ಒಂದೂ ಕಾಯಿಯ ಜೊತೆ ಅಂಟಿಕೊಂಡು ಸಿಕ್ಕಿಲ್ಲವಲ್ಲ.

ಅಣುಗಡಿಯಾರಕ್ಕೆ ಇದು ಮುಖ್ಯ, ಏಕೆಂದರೆ ವೇಗ r ಬರುವುದೇ ಫಾಸಿಲ್‌ಗಳಿಂದ. ನೆಟ್ಟ ವರ್ಷ ಗೊತ್ತಿರುವ ಮರವನ್ನು ನೋಡಿ ಗರಿಯ ಲೆಕ್ಕ ಹಿಡಿದಂತೆ, ವಯಸ್ಸು ಗೊತ್ತಿರುವ ಫಾಸಿಲ್ ನೋಡಿ ವೇಗ ನಿಗದಿ ಮಾಡುತ್ತಾರೆ. ಇದಕ್ಕೆ ಕ್ಯಾಲಿಬ್ರೇಷನ್, ಗಡಿಯಾರ ಹೊಂದಿಸುವುದು ಎನ್ನುತ್ತಾರೆ. ಕಪೂರ್ಡಿಯ ಕಾಯಿ ನಿಜವಾದ ತೆಂಗೇ ಎಂದು ಒಪ್ಪಿದರೆ, ನಮ್ಮ ಲೆಕ್ಕದ ಅದೇ 18 ಬದಲಾವಣೆಗೆ ಕನಿಷ್ಠ ಐದು ಕೋಟಿ ವರ್ಷ ಕೊಡಬೇಕು. ಆಗ ವೇಗ ನೂರು ಕೋಟಿ ವರ್ಷಕ್ಕೆ 1.8ಕ್ಕೆ ಇಳಿಯುತ್ತದೆ. ಅದು ಬಳಗದ ಹಳೆಯ ನೆಂಟ ಮಾತ್ರ ಎಂದರೆ, ಆ ವಯಸ್ಸನ್ನು ವಂಶವೃಕ್ಷದಲ್ಲಿ ಇನ್ನೂ ಕೆಳಗಿನ ಕವಲಿಗೆ ಕಟ್ಟಬೇಕು. ತೆಂಗಿನ ಕವಲು 3.5 ಕೋಟಿಗೇ ನಿಲ್ಲಬಹುದು. 'ಕನಿಷ್ಠ' ಎಂದೆ, ಗಮನಿಸಿ. ಕಾಯಿ ಕಲ್ಲಾದ ಕಾಲಕ್ಕೆ ಆ ಕುಲ ಇತ್ತು ಎಂದಷ್ಟೇ ತಿಳಿಯುತ್ತದೆ, ಅದಕ್ಕಿಂತ ಎಷ್ಟು ಮೊದಲು ಹುಟ್ಟಿತು ಎಂಬುದು ಕಲ್ಲಿನಲ್ಲಿ ಬರೆದಿರುವುದಿಲ್ಲ.

ಇಡೀ ಜೀನೋಮ್ ಓದಿದರೆ ಸಂಶಯ ಹೋಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಜೀನೋಮ್ ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ. 2017ರಲ್ಲಿ ಚೀನಾದ ಹೈನಾನ್ ಟಾಲ್ ತಳಿಯ ಜೀನೋಮ್ ಓದಿದ್ದಾರೆ, ಇನ್ನೂರು ಕೋಟಿಗೂ ಹೆಚ್ಚು ಅಕ್ಷರ. ಆದರೂ ಸಂಶಯ ಪೂರ್ತಿ ಹೋಗುವುದಿಲ್ಲ. ಡಿಎನ್‌ಎ ಕೊಡುವುದು ವೇಗ ಮತ್ತು ಕಾಲದ ಗುಣಲಬ್ಧವನ್ನು ಮಾತ್ರ. ಹೆಚ್ಚು ಅಕ್ಷರ ಓದಿದಷ್ಟೂ ಆ ಗುಣಲಬ್ಧ ನಿಖರವಾಗುತ್ತದೆ. ಅದನ್ನು ವೇಗ ಇಷ್ಟು, ಕಾಲ ಇಷ್ಟು ಎಂದು ಬಿಡಿಸಿಕೊಡಲು ಫಾಸಿಲ್ಲೇ ಬೇಕು. 2006ರಲ್ಲಿ ಜಿಹೆಂಗ್ ಯಾಂಗ್ ಮತ್ತು ಬ್ರೂಸ್ ರನ್ನಾಲ ಇದನ್ನು ಗಣಿತದಿಂದಲೇ ತೋರಿಸಿದ್ದಾರೆ.

ವೇಗ ಎಲ್ಲ ಕವಲಿಗೂ ಒಂದೇ ಎಂದು ಇಂದು ಬಹುತೇಕ ಯಾರೂ ಹಿಡಿಯುವುದಿಲ್ಲ. 'ರಿಲ್ಯಾಕ್ಸ್ಡ್ ಕ್ಲಾಕ್', ಅಂದರೆ ಸಡಿಲಿಸಿದ ಗಡಿಯಾರ, ಒಂದೊಂದು ಕವಲಿಗೆ ಒಂದೊಂದು ವೇಗ ಬಿಡುತ್ತದೆ. ಉತ್ತರವಾಗಿ ಒಂದೇ ಸಂಖ್ಯೆ ಬರುವುದಿಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿ ಬರುತ್ತದೆ. ಪತ್ರಿಕೆಯಲ್ಲಿ ಒಂದೇ ಸಂಖ್ಯೆ ಕಂಡರೆ ಮೂಲ ಲೇಖನದ ಪಟ್ಟಿಯಲ್ಲಿ ಆ ವ್ಯಾಪ್ತಿ ನೋಡದೆ ನಂಬಬೇಡಿ.

ಖರ್ಚಿನ ಮಾತು. ಮಾಡಿ ನೋಡಬೇಕೆನ್ನುವ ಕಾಲೇಜು ಹುಡುಗರಿಗೆ ಕೈಯಿಂದ ಹಣವೇ ಬೇಕಿಲ್ಲ, ಇಂಟರ್‌ನೆಟ್ ಸಾಕು. NCBI ತಾಣದ GenBank ಭಂಡಾರದಲ್ಲಿ Cocos nucifera rbcL ಎಂದು ಹುಡುಕಿದರೆ ತೆಂಗಿನ ಜೀನು ಉಚಿತವಾಗಿ ಸಿಗುತ್ತದೆ. ಹಾಗೆಯೇ ರಾಗಿಯದ್ದು (Eleusine coracana), ಈರುಳ್ಳಿಯದ್ದು (Allium cepa) ಇಳಿಸಿಕೊಳ್ಳಿ. ಈರುಳ್ಳಿ ಏಕೆಂದರೆ, ಅದು ತೆಂಗು ಮತ್ತು ರಾಗಿ ಎರಡಕ್ಕೂ ಸಮಾನ ದೂರದ ನೆಂಟ. ಗಡಿಯಾರ ಒಂದೇ ವೇಗದ್ದಾದರೆ ಈರುಳ್ಳಿಯಿಂದ ತೆಂಗಿಗೂ ರಾಗಿಗೂ ಎಣಿಸಿದ ವ್ಯತ್ಯಾಸ ಸಮ ಇರಬೇಕು. MEGA ಎಂಬ ಉಚಿತ ತಂತ್ರಾಂಶದಲ್ಲಿ Tajima's Relative Rate Test ಇದನ್ನು ಪರೀಕ್ಷಿಸುತ್ತದೆ. ಫಾಸಿಲ್ ಸೇರಿಸಿ ಕಾಲ ಲೆಕ್ಕ ಹಾಕಲು BEAST ಇದೆ, ಅದೂ ಉಚಿತ. ತೆಂಗಿನ ತಳಿಗಳನ್ನೇ ನೋಡಬೇಕೆಂದರೆ ಕಾಸರಗೋಡಿನ ಸಿಪಿಸಿಆರ್‌ಐ, ಅದರ ಕಿದು ಕೇಂದ್ರದ ತಳಿ ಸಂಗ್ರಹ ಹತ್ತಿರದ್ದು.

BEAST ಓಡಿಸುವವರು ಒಂದು ಪರೀಕ್ಷೆ ಬಿಡಬೇಡಿ. Sample From Prior ಎಂಬ ಆಯ್ಕೆಗೆ ಗುರುತು ಹಾಕಿ ಇನ್ನೊಮ್ಮೆ ಓಡಿಸಿ. ಆಗ ಅದು ಡಿಎನ್‌ಎ ನೋಡದೆ, ನೀವು ಕೊಟ್ಟ ಫಾಸಿಲ್ ವಯಸ್ಸು ಮತ್ತು ಊಹೆಗಳಿಂದಲೇ ಉತ್ತರ ಕೊಡುತ್ತದೆ. ಎರಡು ಸಲವೂ ಅದೇ ವ್ಯಾಪ್ತಿ ಬಂದರೆ, ಆ ಕಾಲ ಬಂದದ್ದು ಜೀನಿನಿಂದಲ್ಲ, ನೀವು ಮೊದಲೇ ಕೊಟ್ಟ ಊಹೆಯಿಂದ.